ಯಾರೂ ಕೂಗದ ಓವರ್: ಒಂದೂವರೆ ಗಂಟೆ ಮ್ಯಾಚನ್ನು ಮೂರು ನಿಮಿಷಕ್ಕೆ ಇಳಿಸೋದು ಹೇಗೆ?

ಭಾನುವಾರ ಬೆಳಿಗ್ಗೆ ಟೆನಿಸ್ ಬಾಲ್ ಮ್ಯಾಚ್ ಮುಗಿಯುತ್ತೆ. ಮಧ್ಯಾಹ್ನ ಊಟ ಆಗೋ ಹೊತ್ತಿಗೆ ಗ್ರೂಪಿನಲ್ಲಿ ಮೊದಲ ಮೆಸೇಜು ಬಂದಿರುತ್ತೆ: "ಗುರು, ಹೈಲೈಟ್ಸ್ ಯಾವಾಗ?" ಟ್ರೈಪಾಡಿಗೆ ಫೋನ್ ಸಿಕ್ಕಿಸಿ ರೆಕಾರ್ಡ್ ಮಾಡಿದ ಪುಣ್ಯಾತ್ಮನ ಮೇಲೆ ಅಲ್ಲಿಂದ ಶುರುವಾಗುತ್ತೆ ಒತ್ತಡ. ಫೋನಿನಲ್ಲಿ ಒಂದೂವರೆ ಗಂಟೆಯ ವಿಡಿಯೊ ಕೂತಿದೆ. ಅದನ್ನು ಮೊದಲಿಂದ ಕೊನೆವರೆಗೂ ನೋಡ್ತಾ ಕತ್ತರಿಸೋಕೆ ಹೋದರೆ ಭಾನುವಾರದ ಸಂಜೆ ಪೂರ್ತಿ ಹೋಯ್ತು ಅಂತಲೇ ಲೆಕ್ಕ. ಹಾಗಾಗಿ ಹೆಚ್ಚಿನವರು ಎರಡು ಸಿಕ್ಸ್, ಒಂದು ಬೌಲ್ಡ್ ಕತ್ತರಿಸಿ ಹಾಕಿ ಕೈತೊಳೆದುಕೊಳ್ತಾರೆ.

ಈ ವಾರದ ಅಂಕಣ ಆ ಪುಣ್ಯಾತ್ಮರಿಗಾಗಿ. ವಿಡಿಯೊವನ್ನು ಪೂರ್ತಿ ನೋಡದೆ, ಬೇಕಾದ ಕ್ಷಣಗಳನ್ನು ಬೇಗ ಹುಡುಕೋದು ಹೇಗೆ ಅಂತ ನೋಡೋಣ. ಜೊತೆಗೆ ಇನ್ನೊಂದು ವಿಷಯವೂ ಇದೆ. ನೀವು ಕ್ಷಣಗಳನ್ನು ಹುಡುಕುವ ವಿಧಾನವೇ ರೀಲಿನಲ್ಲಿ ಯಾರು ಕಾಣಿಸ್ತಾರೆ, ಯಾರು ಕಾಣೆಯಾಗ್ತಾರೆ ಅನ್ನೋದನ್ನು ತೀರ್ಮಾನ ಮಾಡಿಬಿಡುತ್ತೆ.

ಮೊದಲು ಒಂದು ಸಣ್ಣ ಲೆಕ್ಕ

ಒಂದು ಪಂದ್ಯವನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಹತ್ತು ಹತ್ತು ಓವರಿನ ಮ್ಯಾಚು, ವಿಡಿಯೊ 96 ನಿಮಿಷ. ಮೊದಲು ಆಡಿದ ತಂಡ 6 ವಿಕೆಟ್‌ಗೆ 84. ಬೆನ್ನಟ್ಟಿದ ತಂಡ 8 ವಿಕೆಟ್‌ಗೆ 82. ಎರಡು ರನ್ನಿನ ಸೋಲು. ಗ್ರೂಪಿನಲ್ಲಿ ವಾರಪೂರ್ತಿ ಚರ್ಚೆಯಾಗೋ ಅಂಥ ಮ್ಯಾಚು.

ಎರಡೂ ಇನಿಂಗ್ಸ್ ಸೇರಿ 120 ಬಾಲ್. ವೈಡು, ನೋಬಾಲ್ ಸೇರಿಸಿ 130 ಅಂತಿಟ್ಟುಕೊಳ್ಳಿ. ಬೌಲರ್ ಓಡಿ ಬಂದು ಬಾಲ್ ಹಾಕಿ, ಬ್ಯಾಟ್ಸ್‌ಮನ್ ಹೊಡೆದು, ಫೀಲ್ಡರ್ ಹಿಡಿಯುವಷ್ಟರಲ್ಲಿ ಸರಾಸರಿ ಆರು ಸೆಕೆಂಡು. ಅಂದರೆ ನಿಜವಾದ ಆಟ ಇರೋದು ಸುಮಾರು 13 ನಿಮಿಷ. ಉಳಿದ 83 ನಿಮಿಷ ಏನು? ಬೌಲರ್ ವಾಪಸ್ ನಡೆದು ಹೋಗೋದು, ಪೊದೆಯೊಳಗೆ ಬಾಲ್ ಹುಡುಕೋದು, ಫೀಲ್ಡಿಂಗ್ ಬದಲಾಯಿಸೋದು, "ಅದು ವೈಡಾ ಅಲ್ವಾ" ಅಂತ ಜಗಳ.

ಹಾಗಾಗಿ ವಿಡಿಯೊವನ್ನು 2x ವೇಗದಲ್ಲಿ ಓಡಿಸಿ ನೋಡೋದು ಜಾಣತನ ಅನ್ನಿಸಿದರೂ ಅಲ್ಲ. ಆ 83 ನಿಮಿಷದ ನಡಿಗೆಯನ್ನೂ ನೀವು ವೇಗವಾಗಿ ನೋಡ್ತಿದ್ದೀರಿ, ಅಷ್ಟೇ. ಸೀಕ್ ಬಾರಿನ ಮೇಲೆ ಬೆರಳಾಡಿಸಿ ಹುಡುಕೋಣ ಅಂದರೆ ಅದೂ ಕಷ್ಟ. ಫೋನನ್ನು ಅಡ್ಡ ಹಿಡಿದಾಗ ಬಾರಿನ ಉದ್ದ ಸುಮಾರು 14 ಸೆಂಟಿಮೀಟರ್. ಅದರಲ್ಲಿ 96 ನಿಮಿಷ ತುಂಬಿದೆ. ಬೆರಳು ಒಂದು ಮಿಲಿಮೀಟರ್ ಜರುಗಿದರೆ ಸುಮಾರು 40 ಸೆಕೆಂಡು ಹಾರಿಹೋಗುತ್ತೆ. ಅಂದರೆ ಒಂದು ಪೂರ್ತಿ ಬಾಲ್ ನಿಮ್ಮ ಹೆಬ್ಬೆರಳಿನ ಅಡಿಯಲ್ಲೇ ಕಳೆದುಹೋಗುತ್ತೆ.

ದಾರಿ ಬೇರೆ ಇದೆ. ವಿಡಿಯೊ ಮುಟ್ಟುವ ಮೊದಲೇ ಎಲ್ಲಿ ಹೋಗಬೇಕು ಅನ್ನೋದರ ಪಟ್ಟಿ ಮಾಡಿಕೊಳ್ಳೋದು. ಆ ಪಟ್ಟಿ ಎರಡು ಕಡೆಯಿಂದ ಬರುತ್ತೆ: ಒಂದು ಸದ್ದು, ಇನ್ನೊಂದು ಸ್ಕೋರ್ ಶೀಟು.

ಸದ್ದಿನ ಚಿತ್ರ

ಸಿಕ್ಸ್ ಬಿದ್ದಾಗ, ವಿಕೆಟ್ ಹೋದಾಗ ಜನ ಕೂಗ್ತಾರೆ. ಆ ಕೂಗು ರೆಕಾರ್ಡಿಂಗಿನಲ್ಲಿ ಇದ್ದೇ ಇರುತ್ತೆ. ಇಡೀ ಮ್ಯಾಚಿನ ಸದ್ದನ್ನು ಒಂದೇ ಉದ್ದನೆಯ ಚಿತ್ರ ಮಾಡಿಕೊಂಡರೆ ಎಲ್ಲೆಲ್ಲಿ ಗುಡ್ಡ ಎದ್ದಿದೆ ಅಂತ ಒಂದೇ ನೋಟಕ್ಕೆ ಗೊತ್ತಾಗುತ್ತೆ. ಇದಕ್ಕೆ ಲ್ಯಾಪ್‌ಟಾಪ್ ಬೇಕು. ಉಚಿತವಾಗಿ ಸಿಗುವ ffmpeg ಹಾಕಿಕೊಂಡು, ವಿಡಿಯೊ ಇರುವ ಫೋಲ್ಡರಿನಿಂದ ಈ ಒಂದು ಸಾಲು ಓಡಿಸಿ:

```
ffmpeg -i match.mp4 -filter_complex "aformat=channel_layouts=mono,highpass=f=200,showwavespic=s=5760x300" -frames:v 1 wave.png
```

ಇಲ್ಲಿ 5760 ಅನ್ನೋ ಸಂಖ್ಯೆ ಸುಮ್ಮನೆ ಬಂದಿದ್ದಲ್ಲ. 96 ನಿಮಿಷ ಅಂದರೆ 5760 ಸೆಕೆಂಡು. ಚಿತ್ರದ ಅಗಲವನ್ನೂ ಅಷ್ಟೇ ಪಿಕ್ಸೆಲ್ ಇಟ್ಟರೆ ಒಂದು ಪಿಕ್ಸೆಲ್ ಅಂದರೆ ಒಂದು ಸೆಕೆಂಡು. ಆಮೇಲೆ ವಿಂಡೋಸಿನ ಪೇಂಟ್‌ನಲ್ಲಿ ಚಿತ್ರ ತೆರೆದು ಗುಡ್ಡದ ಮೇಲೆ ಕರ್ಸರ್ ಇಟ್ಟರೆ, ಕೆಳಗೆ ಎಡಮೂಲೆಯಲ್ಲಿ ಕಾಣುವ ಮೊದಲ ಸಂಖ್ಯೆಯೇ ನಿಮ್ಮ ಸಮಯ. ನಿಮ್ಮ ವಿಡಿಯೊ 80 ನಿಮಿಷದ್ದಾದರೆ 4800 ಅಂತ ಹಾಕಿ. ಆಜ್ಞೆಯೊಳಗಿನ highpass ಅನ್ನೋ ಭಾಗ ಗಾಳಿಯ ಗೊರಗೊರ ಸದ್ದನ್ನು ಒಂದಷ್ಟು ಸೋಸುತ್ತೆ. ಬಯಲಿನಲ್ಲಿ ಫೋನಿನ ಮೈಕಿಗೆ ಗಾಳಿಯೇ ದೊಡ್ಡ ಶತ್ರು.

ಕೂಗಿನ ಗುಡ್ಡವನ್ನು ಗುರುತಿಸೋದು ಸುಲಭ. ಅದು ತಟ್ಟನೆ ಏಳುತ್ತೆ, ಆಮೇಲೆ ಮೂರ್ನಾಲ್ಕು ಸೆಕೆಂಡು ನಿಧಾನವಾಗಿ ಇಳಿಯುತ್ತೆ. ಗಾಳಿಯಾದರೆ ಹಲ್ಲುಹಲ್ಲಾಗಿ ಅರ್ಧ ನಿಮಿಷ ಎಳೆಯುತ್ತೆ. ಕ್ಯಾಮೆರಾ ಪಕ್ಕ ಇಬ್ಬರು ನಿಂತು ಹರಟೆ ಹೊಡೆದಿದ್ದರೆ ಅದು ನಿಮಿಷಗಟ್ಟಲೆ ದಪ್ಪ ಪಟ್ಟಿಯಂತೆ ಕಾಣುತ್ತೆ.

ಒಂದು ಗುಡ್ಡಕ್ಕೆ ಹೋದ ಮೇಲೆ ಅಲ್ಲಿಂದಲೇ ಕತ್ತರಿಸಬೇಡಿ. ಕೂಗು ಘಟನೆ ಆದ ಮೇಲೆ ಬರೋದು. ಸಿಕ್ಸ್ ಆದರೆ ಬಾಲ್ ಬೌಂಡರಿ ದಾಟುವವರೆಗೂ ಜನ ಉಸಿರು ಹಿಡಿದಿರ್ತಾರೆ, ಕೂಗೋದು ಆಮೇಲೆ. ಹಾಗಾಗಿ ಗುಡ್ಡದಿಂದ ಎಂಟು-ಹತ್ತು ಸೆಕೆಂಡು ಹಿಂದೆ ಹೋಗಿ. ವಿಎಲ್‌ಸಿಯಂಥ ಪ್ಲೇಯರಿನಲ್ಲಿ ಪರದೆಯ ಎಡಭಾಗಕ್ಕೆ ಎರಡು ಸಲ ತಟ್ಟಿದರೆ ಹತ್ತು ಸೆಕೆಂಡು ಹಿಂದೆ ಹೋಗುತ್ತೆ, ಅಷ್ಟು ಸಾಕು. ಬೌಲರ್ ರನ್‌ಅಪ್‌ನ ಕೊನೆಯ ಹೆಜ್ಜೆಗಳಲ್ಲಿ ಇರುವಾಗ ಕ್ಲಿಪ್ ಶುರುವಾಗಬೇಕು. ಬಾಲ್ ಕೈಬಿಡೋಕೆ ಸುಮಾರು ಎರಡು ಸೆಕೆಂಡು ಮೊದಲು ಅಂತಿಟ್ಟುಕೊಳ್ಳಿ. ಅದಕ್ಕಿಂತ ತಡವಾದರೆ ನೋಡುವವರಿಗೆ ಏನಾಗ್ತಿದೆ ಅಂತ ಹೊಳೆಯೋ ಹೊತ್ತಿಗೆ ಬಾಲ್ ಹೋಗಿಬಿಟ್ಟಿರುತ್ತೆ.

ಇದರಿಂದಲೇ ಕೆಲಸ ಮುಗಿದರೆ ಎಷ್ಟು ಚೆನ್ನಾಗಿತ್ತು! ಆದರೆ ಮುಗಿಯಲ್ಲ. ಯಾಕೆ ಅಂತ ನಮ್ಮ ಉದಾಹರಣೆಯಲ್ಲೇ ನೋಡೋಣ.

ಮೈಕು ಯಾರ ಪಕ್ಕ ಕೂತಿತ್ತು?

ಈ ಪಂದ್ಯದ ಸದ್ದಿನ ಚಿತ್ರದಲ್ಲಿ 19 ಗುಡ್ಡ ಕಂಡವು ಅಂತಿಟ್ಟುಕೊಳ್ಳಿ. ಒಂದೊಂದಾಗಿ ಹೋಗಿ ನೋಡಿದರೆ ಅದರಲ್ಲಿ 12 ನಿಜವಾದವು. ಉಳಿದ ಏಳರಲ್ಲಿ ಒಂದು ಕಡೆ ಮೈದಾನಕ್ಕೆ ನಾಯಿ ನುಗ್ಗಿದೆ, ಇನ್ನೊಂದು ಕಡೆ ಟೀ ಬಂದಿದೆ, ಮತ್ತೊಂದು ಕಡೆ ಎಲ್‌ಬಿಡಬ್ಲ್ಯು ಇಲ್ಲದ ಆಟದಲ್ಲಿ ಯಾರೋ ಎಲ್‌ಬಿಡಬ್ಲ್ಯುಗೆ ಅಪೀಲ್ ಮಾಡಿ ಎಲ್ಲರನ್ನೂ ನಗಿಸಿದ್ದಾನೆ. ಇದೇನೂ ದೊಡ್ಡ ತೊಂದರೆಯಲ್ಲ. ಸುಳ್ಳು ಗುಡ್ಡವನ್ನು ಐದೇ ಸೆಕೆಂಡಿನಲ್ಲಿ ನೋಡಿ ಬಿಟ್ಟು ಮುಂದೆ ಹೋಗಬಹುದು.

ನಿಜವಾದ ತೊಂದರೆ ಇರೋದು ಕಾಣದೇ ಹೋದವುಗಳಲ್ಲಿ. ಸ್ಕೋರ್ ಶೀಟು ನೋಡಿದರೆ ಈ ಪಂದ್ಯದಲ್ಲಿ 14 ವಿಕೆಟ್, 13 ಬೌಂಡರಿ. ಒಟ್ಟು 27 ಘಟನೆ. ಸದ್ದು ತೋರಿಸಿದ್ದು 12 ಮಾತ್ರ. ಉಳಿದ 15 ಎಲ್ಲಿ ಹೋದವು?

ಅವು ಬಹುಪಾಲು ಎದುರಾಳಿ ತಂಡದವು. ಟ್ರೈಪಾಡ್ ಇಟ್ಟಿದ್ದು ನಿಮ್ಮ ತಂಡದವರು ಕೂತ ಕಡೆ. ನಿಮ್ಮವರು ಬೌಂಡರಿ ಹೊಡೆದರೆ ಮೈಕಿನ ಪಕ್ಕದಲ್ಲೇ ಹತ್ತು ಜನ ಎದ್ದು ಕೂಗ್ತಾರೆ. ಎದುರಿನವರು ಹೊಡೆದರೆ ಕೂಗು ಮೈದಾನದ ಆಚೆ ಬದಿಯಿಂದ ಸಣ್ಣಗೆ ಬರುತ್ತೆ, ಈ ಕಡೆಯವರು ಮೌನವಾಗಿ ಟೀ ಕುಡೀತಿರ್ತಾರೆ. ಸದ್ದನ್ನೇ ನಂಬಿ ಮಾಡಿದ ರೀಲಿನಲ್ಲಿ ನಿಮ್ಮ ತಂಡ ಮಾತ್ರ ಆಡಿದಂತೆ ಕಾಣುತ್ತೆ. ಎದುರಾಳಿ ತಂಡದವರಿಗೂ ಆ ರೀಲು ಕಳಿಸಿದಾಗ ಅವರು ಯಾಕೆ ಒಂದು ಹೆಬ್ಬೆಟ್ಟು ಒತ್ತಿ ಸುಮ್ಮನಾದರು ಅಂತ ಈಗ ಅರ್ಥವಾಗಬಹುದು.

ಇನ್ನೂ ಒಂದು ಜಾತಿಯ ಕ್ಷಣಕ್ಕೆ ಯಾವ ಕಡೆಯಿಂದಲೂ ಕೂಗು ಬರೋದಿಲ್ಲ. ಅದಕ್ಕೆ ಸ್ಕೋರ್ ಶೀಟೇ ಬೇಕು.

ಸ್ಕೋರ್ ಶೀಟು ಓದಿ, ರನ್ನಲ್ಲ, ತಿರುವು ಹುಡುಕಿ

ಈಗ ಸಣ್ಣ ಟೂರ್ನಿಗಳಲ್ಲೂ ಫೋನಿನ ಆ್ಯಪಿನಲ್ಲೇ ಬಾಲ್ ಬಾಲಿಗೆ ಸ್ಕೋರ್ ಬರೀತಾರೆ. ಅದರಲ್ಲಿ ಎಲ್ಲ ಬೌಂಡರಿ, ಎಲ್ಲ ವಿಕೆಟ್ ಓವರ್ ಸಮೇತ ಸಿಗುತ್ತೆ. ಆದರೆ ಪಟ್ಟಿ ಮಾಡುವಾಗ ಇನ್ನೂ ಒಂದು ಪ್ರಶ್ನೆ ಕೇಳಿಕೊಳ್ಳಿ: ಮ್ಯಾಚು ಎಲ್ಲಿ ತಿರುಗಿತು?

ನಮ್ಮ ಪಂದ್ಯದಲ್ಲಿ ಬೆನ್ನಟ್ಟಿದ ತಂಡಕ್ಕೆ ಗುರಿ 85. ಎಂಟು ಓವರಿಗೆ 6 ವಿಕೆಟ್‌ಗೆ 71 ಆಗಿತ್ತು. ಅಂದರೆ 12 ಬಾಲಿಗೆ 14 ರನ್. ಟೆನಿಸ್ ಬಾಲಿನಲ್ಲಿ ಇದು ಬ್ಯಾಟಿಂಗ್ ತಂಡದ ಕೈಯಲ್ಲಿರೋ ಮ್ಯಾಚು. ಒಂಬತ್ತನೇ ಓವರ್ ಹೀಗಿತ್ತು: 0, 1, 0, 0, 1, 0. ಎರಡೇ ರನ್. ವಿಕೆಟ್ ಇಲ್ಲ, ಬೌಂಡರಿ ಇಲ್ಲ. ಈಗ ಬೇಕಾಗಿದ್ದು 6 ಬಾಲಿಗೆ 12. ಕೊನೆಯ ಓವರ್: 4, ವಿಕೆಟ್, 1, ವಿಕೆಟ್, 2, 2. ಒಂಬತ್ತು ರನ್ ಬಂತು, ಮ್ಯಾಚು ಹೋಯ್ತು.

ಎಲ್ಲರಿಗೂ ನೆನಪಿರೋದು ಕೊನೆಯ ಓವರ್. ಹಾರ ಬೀಳೋದು ಆ ಬೌಲರಿಗೆ. ಆದರೆ ಅವನಿಗೆ 12 ರನ್ನಿನ ರಕ್ಷಣೆ ಕೊಟ್ಟಿದ್ದು ಒಂಬತ್ತನೇ ಓವರ್ ಹಾಕಿದವನು. ಅವನು ಏಳು ರನ್ ಕೊಟ್ಟಿದ್ದರೂ ಕೊನೆಗೆ ಉಳಿಯುತ್ತಿದ್ದದ್ದು 6 ಬಾಲಿಗೆ 7 ಮಾತ್ರ. ಬಂದ ಒಂಬತ್ತರಲ್ಲಿ ಅದು ಆರಾಮಾಗಿ ಮುಗಿದುಹೋಗ್ತಿತ್ತು. ಸದ್ದಿನ ಚಿತ್ರದಲ್ಲಿ ಈ ಓವರ್ ಇರುವ ಜಾಗ ಮಾತ್ರ ನೆಲದಷ್ಟು ಸಪಾಟು. ಡಾಟ್ ಬಾಲಿಗೆ ಯಾರು ಕೂಗ್ತಾರೆ? ಬೌಂಡರಿ, ವಿಕೆಟ್ ಅಂತ ಸೋಸಿದ ಪಟ್ಟಿಯಲ್ಲೂ ಅದು ಬರೋದಿಲ್ಲ.

ಹಾಗಾಗಿ ಶೀಟಿನಲ್ಲಿ ಬೌಂಡರಿ, ವಿಕೆಟ್ ಗುರುತು ಹಾಕಿದ ಮೇಲೆ ಪ್ರತಿ ಓವರ್ ಮುಗಿದಾಗ "ಇನ್ನೆಷ್ಟು ಬಾಲಿಗೆ ಎಷ್ಟು" ಅಂತ ಪಕ್ಕದಲ್ಲಿ ಬರೆದುಕೊಳ್ಳಿ. ಎಲ್ಲಿ ಆ ಲೆಕ್ಕ ತಟ್ಟನೆ ಬದಲಾಯ್ತೋ ಆ ಓವರಿಗೂ ಗುರುತು ಹಾಕಿ. ಐದು ನಿಮಿಷದ ಕೆಲಸ. ರೀಲು ಸಿಕ್ಸ್‌ಗಳ ಮೂಟೆಯಾಗದೆ ಮ್ಯಾಚಿನ ಕಥೆಯಾಗೋದು ಇದರಿಂದಲೇ.

ಓವರಿನಿಂದ ನಿಮಿಷಕ್ಕೆ

ಶೀಟಿನಲ್ಲಿ ಓವರ್ ಇದೆ, ವಿಡಿಯೊದಲ್ಲಿ ನಿಮಿಷ ಇದೆ. ಎರಡನ್ನೂ ಜೋಡಿಸೋಕೆ ನಾಲ್ಕು ಗೂಟ ಹೊಡೆದುಕೊಂಡರೆ ಸಾಕು: ಎರಡೂ ಇನಿಂಗ್ಸಿನ ಮೊದಲ ಬಾಲ್ ಮತ್ತು ಕೊನೆಯ ಬಾಲ್. ಬೆನ್ನಟ್ಟುವ ಇನಿಂಗ್ಸ್ ವಿಡಿಯೊದ 52ನೇ ನಿಮಿಷದಲ್ಲಿ ಶುರುವಾಗಿ 1 ಗಂಟೆ 34ನೇ ನಿಮಿಷದಲ್ಲಿ ಮುಗಿದಿದೆ ಅನ್ನಿ. 42 ನಿಮಿಷಕ್ಕೆ ಹತ್ತು ಓವರ್, ಒಂದು ಓವರಿಗೆ 4.2 ನಿಮಿಷ. ಒಂಬತ್ತನೇ ಓವರ್ ಶುರುವಾಗೋಕೆ ಮೊದಲು ಎಂಟು ಓವರ್ ಆಗಿರಬೇಕು. ಎಂಟನ್ನು 4.2ರಿಂದ ಗುಣಿಸಿದರೆ 33.6. ಅದಕ್ಕೆ 52 ಸೇರಿಸಿ: 85.6 ನಿಮಿಷ, ಅಂದರೆ 1:25:36.

ಅಲ್ಲಿಗೆ ನೇರ ಹಾರಿ. ಸರಿಯಾಗಿ ಅದೇ ಜಾಗದಲ್ಲಿ ಇರೋದಿಲ್ಲ. ಬಾಲ್ ಕಳೆದುಹೋದ ಓವರ್ ಉದ್ದವಾಗಿರುತ್ತೆ, ಸ್ಪಿನ್ನರ್ ಓವರ್ ಚಿಕ್ಕದಾಗಿರುತ್ತೆ. ಹಾರಿದ ಜಾಗ ಯಾವ ಓವರ್ ಅಂತ ತಿಳಿಯೋದು ಹೇಗೆ? ಕ್ಯಾಮೆರಾ ಒಂದು ವಿಕೆಟಿನ ಹಿಂದೆ ನೇರವಾಗಿ ಇದ್ದರೆ ಒಂದು ಓವರಿನಲ್ಲಿ ಬೌಲರಿನ ಬೆನ್ನು ಕಾಣುತ್ತೆ, ಮುಂದಿನ ಓವರಿನಲ್ಲಿ ಮುಖ. ಮೊದಲ ಓವರಿನಲ್ಲಿ ಬೆನ್ನು ಕಂಡಿದ್ದರೆ ಬೆಸ ಓವರುಗಳೆಲ್ಲ ಬೆನ್ನಿನವು. 1:25:36ಕ್ಕೆ ಹೋದಾಗ ಮುಖ ಕಂಡಿತು ಅನ್ನಿ. ಹಾಗಾದರೆ ಇನ್ನೂ ಎಂಟನೇ ಓವರ್ ನಡೀತಿದೆ. ಹತ್ತು ಹತ್ತು ಸೆಕೆಂಡು ಮುಂದೆ ಹೋಗಿ, ಫೀಲ್ಡರುಗಳು ಜಾಗ ಬದಲಿಸ್ತಾರೆ, 1:26:19ಕ್ಕೆ ಹೊಸ ಬೌಲರಿನ ಬೆನ್ನು. ಸಿಕ್ಕಿತು.

ಗಲ್ಲಿ ಟೂರ್ನಿಗಳಲ್ಲಿ ಸಮಯ ಉಳಿಸೋಕೆ ಒಂದೇ ಕಡೆಯಿಂದ ಎಲ್ಲ ಓವರ್ ಹಾಕಿಸೋದುಂಟು. ಆಗ ಈ ಬೆನ್ನು-ಮುಖದ ಉಪಾಯ ನಡೆಯಲ್ಲ, ಯಾವ ಓವರ್ ಯಾರು ಹಾಕಿದರು ಅಂತ ಶೀಟು ನೋಡಿ ಬೌಲರನ್ನು ಗುರುತು ಹಿಡೀಬೇಕು.

ಇಲ್ಲಿ ತುಂಬಾ ಜನ ಎಡವೋ ಒಂದು ಕಲ್ಲಿದೆ. ಒಂಬತ್ತನೇ ಓವರಿನ ಮೊದಲ ಬಾಲನ್ನು ಶೀಟು 8.1 ಅಂತ ಬರೆಯುತ್ತೆ, 9.1 ಅಂತಲ್ಲ. ಎಂಟು ಓವರ್ ಮುಗಿದು ಒಂದು ಬಾಲ್ ಅನ್ನೋದು ಅದರ ಅರ್ಥ. ಇದು ತಲೆಯಲ್ಲಿಲ್ಲದಿದ್ದರೆ ಪ್ರತಿ ಸಲವೂ ನಾಲ್ಕು ನಿಮಿಷ ತಪ್ಪಿದ ಜಾಗದಲ್ಲಿ ಹುಡುಕ್ತಾ ಕೂರಬೇಕಾಗುತ್ತೆ.

ಇನ್ನೊಂದು ಕಲ್ಲು ಫೈಲಿನದು. ಕೆಲವು ಫೋನುಗಳು ಉದ್ದ ರೆಕಾರ್ಡಿಂಗನ್ನು 4 ಜಿಬಿ ಆದ ಕೂಡಲೇ ತುಂಡು ಮಾಡಿ ಎರಡು ಮೂರು ಫೈಲು ಮಾಡುತ್ತವೆ. ಎರಡನೇ ಫೈಲಿನ ಗಡಿಯಾರ ಮತ್ತೆ ಸೊನ್ನೆಯಿಂದ ಶುರು. ಎಲ್ಲ ತುಂಡುಗಳನ್ನು ಮೊದಲೇ ಒಂದು ಮಾಡಿಕೊಂಡು ಆಮೇಲೆ ಲೆಕ್ಕಕ್ಕೆ ಕೂತರೆ ಗೊಂದಲ ಇರೋದಿಲ್ಲ.

ಪಟ್ಟಿಯಿಂದ ಕತ್ತರಿಗೆ

ಈಗ ಪಟ್ಟಿಯ ಮೇಲೆ ಕೂತು ಆಯ್ಕೆ ಮಾಡಿ. 27 ಘಟನೆಯನ್ನೂ ಹತ್ತು ಹತ್ತು ಸೆಕೆಂಡು ಹಾಕಿದರೆ ನಾಲ್ಕೂವರೆ ನಿಮಿಷ ಆಗುತ್ತೆ. ಫೋನಿನಲ್ಲಿ ನೋಡುವವರಿಗೆ ಮೂರು ನಿಮಿಷ ಸಾಕು. ನಮ್ಮ ಪಂದ್ಯಕ್ಕೆ ಹೀಗೆ ಹಂಚಬಹುದು. ಮೊದಲ ಇನಿಂಗ್ಸಿನಿಂದ ಎರಡು ಒಳ್ಳೆಯ ಹೊಡೆತ, ಎರಡು ವಿಕೆಟ್: ತಲಾ ಒಂಬತ್ತು ಸೆಕೆಂಡಿನಂತೆ 36. ಬೆನ್ನಟ್ಟುವಾಗ ಮೊದಲ ಎಂಟು ಓವರಿನಿಂದ ಎರಡು ಸಿಕ್ಸ್, ಮೂರು ವಿಕೆಟ್: 45. ಒಂಬತ್ತನೇ ಓವರಿನ ನಾಲ್ಕು ಡಾಟ್ ಬಾಲ್, ನಾಲ್ಕೇ ನಾಲ್ಕು ಸೆಕೆಂಡಿನಂತೆ 16. ಕೊನೆಯ ಓವರಿನ ಆರೂ ಬಾಲ್, ಒಂದೂ ಬಿಡದೆ, ತಲಾ 11 ಸೆಕೆಂಡಿನಂತೆ 66. ಕೊನೆಗೆ ಕೈಕುಲುಕೋದು 10 ಸೆಕೆಂಡು. ಒಟ್ಟು 173 ಸೆಕೆಂಡು, ಮೂರು ನಿಮಿಷದೊಳಗೆ ಬಂತು.

ಡಾಟ್ ಬಾಲುಗಳನ್ನು ಒಂದರ ಹಿಂದೆ ಒಂದು ಗಿಡ್ಡಗೆ ಜೋಡಿಸೋದರಲ್ಲೇ ಅದರ ರುಚಿ ಇರೋದು. ಒಂದು ಡಾಟ್ ಬಾಲ್ ನೋಡೋಕೆ ಏನೂ ಇಲ್ಲ. ಬೀಸಿದ, ತಪ್ಪಿತು. ಬೀಸಿದ, ತಪ್ಪಿತು. ಮೂರನೆಯದಕ್ಕೆ ಬ್ಯಾಟ್ಸ್‌ಮನ್ ಮುಖ ತಗ್ಗಿಸ್ತಾನೆ. ನಾಲ್ಕನೆಯದರ ಹೊತ್ತಿಗೆ ನೋಡುವವರಿಗೂ ಒತ್ತಡ ತಗುಲಿರುತ್ತೆ. ಅದರ ಮೇಲೆ "6 ಬಾಲಿಗೆ 12" ಅಂತ ಒಂದು ಸಾಲು ಬರೆದು ಕೊನೆಯ ಓವರಿಗೆ ಹೋದರೆ ಯಾರೂ ಮುಂದಕ್ಕೆ ಓಡಿಸಲ್ಲ.

ಕತ್ತರಿಸೋಕೆ ಲ್ಯಾಪ್‌ಟಾಪಿನಲ್ಲಿ LosslessCut ಅನ್ನೋ ಉಚಿತ ಸಾಫ್ಟ್‌ವೇರ್ ಚೆನ್ನಾಗಿದೆ. ಅದು ವಿಡಿಯೊವನ್ನು ಮತ್ತೆ ಹೊಸದಾಗಿ ತಯಾರಿಸದೆ ಇದ್ದ ಹಾಗೇ ತುಂಡು ಮಾಡುತ್ತೆ. ಹಾಗಾಗಿ ಹತ್ತು ಹನ್ನೆರಡು ಜಿಬಿ ಫೈಲಾದರೂ ಕಾಯಿಸೋದಿಲ್ಲ, ಚಿತ್ರದ ಗುಣಮಟ್ಟವೂ ಇಳಿಯಲ್ಲ. I ಒತ್ತಿದರೆ ತುಂಡಿನ ಶುರು, O ಒತ್ತಿದರೆ ಕೊನೆ. ನಿಮ್ಮ ಹತ್ತಿರ ಪಟ್ಟಿ ಇರೋದರಿಂದ ಅದನ್ನೂ ಒತ್ತಬೇಕಿಲ್ಲ. ಪಟ್ಟಿಯನ್ನು ಶುರುವಿನ ಸೆಕೆಂಡು, ಕೊನೆಯ ಸೆಕೆಂಡು, ಹೆಸರು ಅನ್ನೋ ಕ್ರಮದಲ್ಲಿ ಸಿಎಸ್‌ವಿ ಫೈಲಾಗಿ ಉಳಿಸಿಕೊಂಡರೆ ನೇರವಾಗಿ ಒಳಗೆ ತರಬಹುದು. ಒಂಬತ್ತನೇ ಓವರಿನ ನಾಲ್ಕು ಸಾಲು ಹೀಗಿರುತ್ತೆ:

```
5179,5183,8.1
5236,5240,8.3
5265,5269,8.4
5325,5329,8.6
```

5179 ಅಂದರೆ ನಾವು ಹುಡುಕಿದ 1:26:19. 86 ನಿಮಿಷವನ್ನು 60ರಿಂದ ಗುಣಿಸಿ 19 ಸೇರಿಸಿದ್ದು, ಅಷ್ಟೇ. ಸಾಲುಗಳ ನಡುವಿನ ಅಂತರ ನೋಡಿ: ಒಂದು ಬಾಲಿಗೂ ಮುಂದಿನ ಬಾಲಿಗೂ ಸುಮಾರು ಅರ್ಧ ನಿಮಿಷ. ಒಂದು ಬಾಲ್ ಸಿಕ್ಕರೆ ಆ ಓವರಿನ ಉಳಿದ ಬಾಲುಗಳನ್ನು ಹುಡುಕೋಕೆ ಮೂರು ಸಲ ಮುಂದೆ ತಟ್ಟಿದರಾಯ್ತು.

ಹೀಗೆ ಕತ್ತರಿಸುವಾಗ ಒಂದು ಮಿತಿ ಗೊತ್ತಿರಲಿ. ವಿಡಿಯೊದಲ್ಲಿ ಪ್ರತಿ ಚಿತ್ರವೂ ಪೂರ್ತಿಯಾಗಿ ಉಳಿದಿರಲ್ಲ. ಆಗಾಗ ಒಂದು ಪೂರ್ಣ ಚಿತ್ರ, ಅದರ ನಂತರ ಬದಲಾದಷ್ಟು ಭಾಗ ಮಾತ್ರ ಇರುತ್ತೆ. ಆ ಪೂರ್ಣ ಚಿತ್ರಕ್ಕೆ ಕೀಫ್ರೇಮ್ ಅಂತಾರೆ. ಹೊಸದಾಗಿ ತಯಾರಿಸದೆ ಕತ್ತರಿಸಿದರೆ ತುಂಡು ಕೀಫ್ರೇಮಿನಿಂದಲೇ ಶುರುವಾಗಬೇಕು. ಅದಕ್ಕೆ ನೀವು ಹೇಳಿದ್ದಕ್ಕಿಂತ ಸ್ವಲ್ಪ ಮೊದಲೇ ಕ್ಲಿಪ್ ಆರಂಭವಾಗಬಹುದು, ಫೋನ್ ವಿಡಿಯೊದಲ್ಲಿ ಸಾಮಾನ್ಯವಾಗಿ ಒಂದು ಸೆಕೆಂಡಿನ ಆಸುಪಾಸು. ಒಂಬತ್ತು ಸೆಕೆಂಡಿನ ಕ್ಲಿಪ್ಪಿಗೆ ಇದು ಲೆಕ್ಕಕ್ಕಿಲ್ಲ. ನಾಲ್ಕು ಸೆಕೆಂಡಿನ ಡಾಟ್ ಬಾಲಿಗೆ ಮಾತ್ರ ಲಯ ಕೆಡುತ್ತೆ. ಆ ನಾಲ್ಕನ್ನು ಫೋನಿನ ಎಡಿಟಿಂಗ್ ಆ್ಯಪಿಗೆ ತಂದು ಮುಂಭಾಗ ಟ್ರಿಮ್ ಮಾಡಿ. ಪುಟ್ಟ ಕ್ಲಿಪ್ಪುಗಳಾದ್ದರಿಂದ ಫೋನೂ ಬಿಸಿಯಾಗಲ್ಲ, ಜಾಗವೂ ತುಂಬಲ್ಲ. ಜೋಡಣೆ, ಸ್ಕೋರ್ ಬರಹ ಎಲ್ಲ ಅಲ್ಲೇ ಮಾಡಿ ಮುಗಿಸಬಹುದು.

ಬ್ಯಾಟಿಗೆ ಬಾಲ್ ತಗುಲಿದ್ದು ಕಂಡ ಮೇಲೆ ಸದ್ದು ಒಂಚೂರು ತಡವಾಗಿ ಬಂದಂತೆ ಅನ್ನಿಸಿದರೆ ಎಡಿಟಿಂಗ್ ಕೆಟ್ಟಿದೆ ಅಂದುಕೊಳ್ಳಬೇಡಿ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತೆ. ಪಿಚ್ಚಿನಿಂದ 70 ಮೀಟರ್ ದೂರದಲ್ಲಿ ಫೋನ್ ಇದ್ದರೆ ಐದನೇ ಒಂದು ಸೆಕೆಂಡು ತಡ ಆಗೇ ಆಗುತ್ತೆ. ಮೈದಾನದ ಅಂಚಿನಲ್ಲಿ ನಿಂತು ನೋಡಿದರೂ ಹಾಗೇ ಕೇಳಿಸೋದು. ಆದರೆ ಆ ಅಂತರ ರೀಲು ಮುಂದುವರಿದಂತೆ ಬೆಳೀತಾ ಹೋದರೆ ಅದು ಬೇರೆ ಕಾಯಿಲೆ. ಫೋನುಗಳು ಪ್ರತಿ ಸೆಕೆಂಡಿಗೂ ಒಂದೇ ಸಂಖ್ಯೆಯ ಚಿತ್ರ ತೆಗೆಯದೆ ಹೆಚ್ಚು ಕಡಿಮೆ ಮಾಡೋದರಿಂದ ಕೆಲವು ಎಡಿಟರುಗಳಲ್ಲಿ ಹೀಗಾಗುತ್ತೆ. ಇಡೀ ಮ್ಯಾಚನ್ನು ಎಡಿಟರಿಗೆ ಹಾಕದೆ, ಮೊದಲೇ ಪುಟ್ಟ ತುಂಡು ಮಾಡಿ ಹಾಕಿದರೆ ಅದು ಬೆಳೆಯೋಕೆ ಸಮಯವೇ ಸಿಗಲ್ಲ.

ಮುಂದಿನ ಭಾನುವಾರಕ್ಕೆ

ರೆಕಾರ್ಡಿಂಗ್ ಶುರು ಮಾಡಿದ ಕೂಡಲೇ ಇನ್ನೊಂದು ಫೋನಿನ ಗಡಿಯಾರವನ್ನು, ಸೆಕೆಂಡು ಕಾಣುವ ಹಾಗೆ, ಕ್ಯಾಮೆರಾಕ್ಕೆ ಎರಡು ಕ್ಷಣ ತೋರಿಸಿ. ಸ್ಕೋರ್ ಬರೆಯುವವರಿಗೆ, "ಏನಾದ್ರೂ ಆದಾಗ ಗಡಿಯಾರ ನೋಡಿ ಟೈಮ್ ಬರ್ಕೊಳ್ಳಿ" ಅಂತ ಹೇಳಿ. ವಿಡಿಯೊದ ಸೊನ್ನೆ 7:42:10 ಆಗಿದ್ದು, ಅವರು ಬರೆದದ್ದು 8:05:30 ಆದರೆ, ಕಳೆದು ನೋಡಿ: 23 ನಿಮಿಷ 20 ಸೆಕೆಂಡು. ಓವರಿನ ಗುಣಾಕಾರವೂ ಬೇಡ, ಬೆನ್ನು-ಮುಖವೂ ಬೇಡ.

ಇದಕ್ಕೆ ಫೈಲಿನ ವಿವರದಲ್ಲಿ ಕಾಣುವ ಸಮಯವನ್ನು ನಂಬಬೇಡಿ. ಕೆಲವು ಫೋನುಗಳು ಅಲ್ಲಿ ರೆಕಾರ್ಡಿಂಗ್ ಮುಗಿದ ಹೊತ್ತನ್ನು ಬರೀತವೆ. ಲ್ಯಾಪ್‌ಟಾಪಿನಲ್ಲಿ ನೋಡಿದರೆ ನಮ್ಮ ಸಮಯಕ್ಕಿಂತ ಐದೂವರೆ ಗಂಟೆ ಹಿಂದಿನ ಅಂತರರಾಷ್ಟ್ರೀಯ ಸಮಯವೂ ಕಾಣಬಹುದು. ಕ್ಯಾಮೆರಾಕ್ಕೆ ತೋರಿಸಿದ ಗಡಿಯಾರ ಸುಳ್ಳು ಹೇಳಲ್ಲ.

ಇದೆಲ್ಲ ಕ್ರಿಕೆಟ್ಟಿಗೆ ಹೊಂದೋದು ಅದರಲ್ಲಿ ಬಾಲ್ ಬಾಲಿಗೂ ಲೆಕ್ಕ, ನಡುವೆ ಬಿಡುವು ಇರೋದರಿಂದ. ಕಬಡ್ಡಿಗೆ ಬೇರೆ ಜಾಣತನ ಬೇಕು: ಒಂದು ರೈಡಿಗೆ ಹೆಚ್ಚೆಂದರೆ 30 ಸೆಕೆಂಡು, ಒಂದು ಮುಗಿಯುತ್ತಿದ್ದಂತೆ ಇನ್ನೊಂದು, ಹಾಗಾಗಿ ರೈಡಿನ ಸಂಖ್ಯೆಯೇ ಅಲ್ಲಿ ಗೂಟ. ಫುಟ್‌ಬಾಲಿನಲ್ಲಿ ಶೀಟು ಕೊಡೋದು ಗೋಲು, ಕಾರ್ಡು ಇಷ್ಟೇ. ಉಳಿದದ್ದಕ್ಕೆ ಸದ್ದನ್ನೇ ನೆಚ್ಚಬೇಕು. ಗೋಲಿಗೆ ದಾರಿ ಮಾಡಿದ ಪಾಸು ಬೇಕಿದ್ದರೆ ಹತ್ತು ಸೆಕೆಂಡಲ್ಲ, ಇಪ್ಪತ್ತಾದರೂ ಹಿಂದೆ ಹೋಗಬೇಕು.

ರೀಲು ಕಳಿಸಿದ ಮೇಲೆ ಪಟ್ಟಿಯನ್ನು ಅಳಿಸಬೇಡಿ. ರೀಲಿಗೆ ಬಾರದ ಕ್ಷಣಗಳ ನಿಮಿಷವೂ ಅದರಲ್ಲಿದೆ. ನಾಳೆ ಯಾರೋ ಬಂದು "ಮಗಾ, ನಂದೊಂದು ಕ್ಯಾಚ್ ಇತ್ತಲ್ಲ" ಅಂದರೆ ಅರ್ಧ ನಿಮಿಷದಲ್ಲಿ ತೆಗೆದುಕೊಡಬಹುದು. ಒಂಬತ್ತನೇ ಓವರ್ ಹಾಕಿದವನು ಕೇಳೋಕೆ ಬರಲ್ಲ, ಅವನಿಗೂ ಅದು ಬರೀ ಡಾಟ್ ಬಾಲೇ. ಅವನ ಆರು ಬಾಲನ್ನು ಒಂದು ಕ್ಲಿಪ್ ಮಾಡಿ ನೀವೇ ಕಳಿಸಿ.